ಜಾಂಬೋಟಿಯ ಆರ್ಡರ್ ಯಾವ ಗಳಿಗೆಯಲ್ಲಿ ತಡವಾಯಿತು? ಮೆಸೇಜ್ ಕ್ಯೂ ಬಾಕಿಯ ಅಲರ್ಟ್ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವೆಗೆ ಹೋಗುವ ದಾರಿಯಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಸಿಗುತ್ತದೆ. ಇನ್ನೂ ಪಶ್ಚಿಮಕ್ಕೆ ಸರಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ. ಕಾಡು, ಗುಡ್ಡ, ಧಾರಾಕಾರ ಮಳೆ, ಚದುರಿದ ಮನೆಗಳು. ಇಂಥ ಕಡೆ ಆನ್‌ಲೈನ್ ಆರ್ಡರಿನ ಸಾಮಾನು ತಲುಪಿಸುವವರು ಬೆಳಗಾವಿ ಪೇಟೆಯಲ್ಲಿ ಮಾಡುವ ಹಾಗೆ ಎರಡು ತಾಸಿಗೊಮ್ಮೆ ವಾಹನ ಬಿಡಲಾರರು. ದಿನಕ್ಕೊಂದೇ ವಾಹನ ಹೊರಡುವ ಮಾರ್ಗ ಎಂದು ಇಟ್ಟುಕೊಳ್ಳೋಣ. ಆ ಒಂದು ಕಾರಣದಿಂದ, ಬೆಂಗಳೂರಿನ ಯಾವುದೋ ಸರ್ವರಿನೊಳಗೆ ಏಳು ನಿಮಿಷ ತಡವಾದ ಸಂದೇಶ ಬೆಳಗಾವಿಯ ಟಿಳಕವಾಡಿಯಲ್ಲಿ ಏಳು ನಿಮಿಷದ ತಡವಾಗಿಯೇ ಉಳಿದರೆ, ಜಾಂಬೋಟಿಯಲ್ಲಿ ಇಡೀ ಒಂದು ದಿನದ ತಡವಾಗುತ್ತದೆ. ಕೊನೆಯ ಬಸ್ಸು ತಪ್ಪಿಸಿಕೊಂಡವನಿಗೆ ನಿಲ್ದಾಣಕ್ಕೆ ಎಷ್ಟು ನಿಮಿಷ ತಡವಾಗಿ ಬಂದೆ ಎಂಬ ಲೆಕ್ಕದಿಂದ ಏನೂ ಪ್ರಯೋಜನವಿಲ್ಲ.

ಮೆಸೇಜ್ ಕ್ಯೂಗಳ ಮೇಲೆ ಕಣ್ಣಿಡುವ ಎಂಜಿನಿಯರುಗಳು ಸಾಮಾನ್ಯವಾಗಿ ಹಾಕಿಕೊಳ್ಳುವ ಅಲರ್ಟ್‌ಗಳಿಗೆ ಈ ವ್ಯತ್ಯಾಸ ಕಾಣುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ. ಬಾಕಿ ಎಷ್ಟಿದೆ ಎಂದು ಎಣಿಸುವ ಬದಲು, ಯಾವ ಆರ್ಡರಿಗೆ ಕೊಟ್ಟ ಮಾತು ಎಷ್ಟು ಹೊತ್ತಿನಲ್ಲಿ ಮುರಿಯಲಿದೆ ಎಂದು ಎಣಿಸಿದರೆ ಏನು ಬದಲಾಗುತ್ತದೆ ಎಂಬುದನ್ನು ಒಂದು ಲೆಕ್ಕ ಬಿಡಿಸಿ ನೋಡಬಹುದು. ಲೆಕ್ಕದ ಅಂಕಿಗಳು ವಿವರಣೆಗಾಗಿ ನಾನೇ ಆರಿಸಿಕೊಂಡವು. ಯಾವ ಕಂಪನಿಯವೂ ಅಲ್ಲ.

ಮೊದಲು ಕ್ಯೂ ಎಲ್ಲಿ ಬರುತ್ತದೆ ಎಂಬುದು. ಗ್ರಾಹಕ ಹಣ ಕಟ್ಟಿ ‘ಆರ್ಡರ್ ಮಾಡಿ’ ಎಂಬ ಗುಂಡಿ ಒತ್ತಿದ ಕೂಡಲೇ ಅಂಗಡಿಯವರ ವ್ಯವಸ್ಥೆ ಎಲ್ಲ ಕೆಲಸವನ್ನೂ ಅಲ್ಲೇ ಮುಗಿಸುವುದಿಲ್ಲ. ಆರ್ಡರ್ ಸಿಕ್ಕಿತು ಎಂದು ಬರೆದಿಟ್ಟುಕೊಂಡು, ಒಂದು ಸಂದೇಶವನ್ನು ಕ್ಯೂಗೆ ಹಾಕುತ್ತದೆ. ಹಿಂದೆ ಕೂತ ವರ್ಕರ್ ಎಂಬ ಪ್ರೋಗ್ರಾಮುಗಳು ಒಂದೊಂದೇ ಸಂದೇಶ ಎತ್ತಿಕೊಂಡು ಯಾವ ಗೋದಾಮಿನಿಂದ ಸರಕು ಕೊಡಬೇಕು ಎಂದು ಗೊತ್ತುಮಾಡಿ, ಆ ಗೋದಾಮಿನ ಪಟ್ಟಿಗೆ ಆರ್ಡರನ್ನು ಸೇರಿಸುತ್ತವೆ. ಈ ಹಂಚಿಕೆಯ ಕ್ಯೂ ಒಂದನ್ನೇ ನಾವು ನೋಡೋಣ. ಆರ್ಡರುಗಳು ಬರುವ ವೇಗಕ್ಕಿಂತ ವರ್ಕರುಗಳ ವೇಗ ಕಡಿಮೆಯಾದಾಗ ಸಂದೇಶಗಳು ಉಳಿದುಕೊಳ್ಳುತ್ತವೆ. ಹಾಗೆ ಉಳಿದದ್ದೇ ಬಾಕಿ.

ಬಾಕಿಯ ಅಂಕಿಯನ್ನು ಎಲ್ಲ ಕ್ಯೂ ತಂತ್ರಾಂಶಗಳೂ ಕೊಡುತ್ತವೆ. ಕಾಫ್ಕಾದಲ್ಲಿ `kafka-consumer-groups.sh` ಎಂಬ ಆದೇಶವನ್ನು `--describe` ಆಯ್ಕೆಯೊಂದಿಗೆ ಕೊಟ್ಟರೆ `LAG` ಎಂಬ ಕಾಲಮ್ಮಿನಲ್ಲಿ ಪ್ರತಿ ಪಾರ್ಟಿಷನ್ನಿನಲ್ಲಿ ಎಷ್ಟು ಸಂದೇಶ ಬಾಕಿ ಎಂದು ಬರುತ್ತದೆ. ಅಮೆಜಾನಿನ ಎಸ್‌ಕ್ಯೂಎಸ್‌ನಲ್ಲಿ `ApproximateNumberOfMessagesVisible` ಬಾಕಿಯ ಸಂಖ್ಯೆಯನ್ನೂ `ApproximateAgeOfOldestMessage` ಅತಿ ಹಳೆಯ ಸಂದೇಶದ ವಯಸ್ಸನ್ನೂ ಹೇಳುತ್ತವೆ. ಸುಲಭವಾಗಿ ಸಿಗುವ ಅಂಕಿಗೇ ಅಲರ್ಟ್ ಕಟ್ಟುವುದು ಮನುಷ್ಯರ ಸಹಜ ಚಾಳಿ. ಹಾಗಾಗಿ ‘ಬಾಕಿ 10,000 ದಾಟಿದರೆ ಎಬ್ಬಿಸು’ ಎಂಬಂಥ ನಿಯಮಗಳು ಎಲ್ಲೆಡೆ ಕಾಣುತ್ತವೆ. ಆ 10,000 ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನ ಕಡೆ ಉತ್ತರ ಸಿಗುವುದಿಲ್ಲ. ಸೊನ್ನೆಗಳು ಚೆನ್ನಾಗಿ ಕೂರುತ್ತವೆ ಎಂಬುದೇ ಕಾರಣವಿರಬೇಕು.

ಬಾಕಿಯ ಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ. ಅದನ್ನು ಯಾವುದೋ ವೇಗದಿಂದ ಭಾಗಿಸಿದಾಗ ಸಮಯ ಸಿಗುತ್ತದೆ. ಯಾವ ವೇಗದಿಂದ ಭಾಗಿಸಬೇಕು ಎಂಬಲ್ಲೇ ಒಂದು ಸೂಕ್ಷ್ಮವಿದೆ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಪ್ರಸಿದ್ಧ ನಿಯಮದ ಪ್ರಕಾರ, ಒಂದು ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂಬುದು ಬರುವ ವೇಗ ಮತ್ತು ಸರಾಸರಿ ಕಾಯುವ ಸಮಯ ಇವುಗಳ ಗುಣಲಬ್ಧ. ಆದರೆ ಅದು ದೀರ್ಘಕಾಲದ ಸರಾಸರಿಯ ಮಾತು. ಬಾಕಿ ಏರುತ್ತಲೇ ಇರುವ ಹೊತ್ತಿನಲ್ಲಿ ಅದನ್ನು ಹಾಗೇ ಅನ್ವಯಿಸಿದರೆ ದಾರಿ ತಪ್ಪುತ್ತದೆ. ಮೊದಲು ಬಂದವರಿಗೆ ಮೊದಲು ಎಂಬ ಕ್ಯೂನಲ್ಲಿ, ಬರುವ ವೇಗ ಒಂದೇ ಸಮನಾಗಿದ್ದಾಗ, ಬಾಕಿಯನ್ನು ಬರುವ ವೇಗದಿಂದ ಭಾಗಿಸಿದರೆ ಸಾಲಿನ ಮುಂದಿರುವ ಆರ್ಡರ್ ಈವರೆಗೆ ಎಷ್ಟು ಕಾಯಿತು ಎಂಬುದು ಸಿಗುತ್ತದೆ. ಕೆಲಸ ಮುಗಿಯುವ ವೇಗದಿಂದ ಭಾಗಿಸಿದರೆ ಈಗ ಸಾಲಿನ ಕೊನೆಗೆ ಬಂದು ನಿಂತ ಆರ್ಡರ್ ಇನ್ನು ಎಷ್ಟು ಕಾಯಬೇಕು ಎಂಬುದು ಸಿಗುತ್ತದೆ. ಮೊದಲನೆಯದು ಹಿಂದಿನದರ ವರದಿ, ಎರಡನೆಯದು ಮುಂದಿನದರ ಅಂದಾಜು. ‘ಅತಿ ಹಳೆಯ ಸಂದೇಶದ ವಯಸ್ಸು’ ಮೊದಲನೆಯ ಜಾತಿಯದು. ಮಾತು ಮುರಿಯುವುದನ್ನು ತಡೆಯಲು ಬೇಕಾದದ್ದು ಎರಡನೆಯದು.

ಈಗ ಲೆಕ್ಕಕ್ಕೆ ಬರೋಣ. ಹಬ್ಬದ ಮಾರಾಟದ ದಿನ. ಇಡೀ ರಾಜ್ಯದಿಂದ ಸೆಕೆಂಡಿಗೆ 40 ಆರ್ಡರ್ ಬರುತ್ತಿವೆ. ವರ್ಕರುಗಳೆಲ್ಲ ಸೇರಿ ಸೆಕೆಂಡಿಗೆ 50 ಮುಗಿಸಬಲ್ಲವು. ಹಾಗಾಗಿ ಎಂದಿನ ಕಾಯುವಿಕೆ ಒಂದೆರಡು ಸೆಕೆಂಡು. ಜಾಂಬೋಟಿ-ಕಣಕುಂಬಿ ಮಾರ್ಗದ ವಾಹನ ಬೆಳಗಾವಿ ಗೋದಾಮಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಡುತ್ತದೆ. ಸರಕು ತೆಗೆದು, ಕಟ್ಟಿ, ಮಾರ್ಗವಾರು ವಿಂಗಡಿಸಲು ಒಂದೂವರೆ ತಾಸು ಬೇಕು. ಅಂದರೆ 12:30ರೊಳಗೆ ಆರ್ಡರ್ ಗೋದಾಮಿನ ಪಟ್ಟಿ ಸೇರಿರಬೇಕು. ಐದು ನಿಮಿಷ ಕೈಯಲ್ಲಿಟ್ಟುಕೊಂಡು ಅಂಗಡಿಯ ಪುಟ ಜಾಂಬೋಟಿಯ ಗ್ರಾಹಕನಿಗೆ ಹೇಳುತ್ತದೆ: 12:25ರೊಳಗೆ ಆರ್ಡರ್ ಮಾಡಿದರೆ ಇಂದೇ ತಲುಪುತ್ತದೆ.

11:40ಕ್ಕೆ ಹಂಚಿಕೆಯ ಡೇಟಾಬೇಸ್ ನಿಧಾನವಾಗುತ್ತದೆ. ವರ್ಕರುಗಳ ಒಟ್ಟು ವೇಗ ಸೆಕೆಂಡಿಗೆ 30ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 10ರಂತೆ, ನಿಮಿಷಕ್ಕೆ 600 ಸಂದೇಶ ಬಾಕಿ ಸೇರತೊಡಗುತ್ತದೆ. 12:00 ಗಂಟೆಗೆ ಬಾಕಿ 12,000. ಇದನ್ನು 40ರಿಂದ ಭಾಗಿಸಿದರೆ 5 ನಿಮಿಷ: ಆಗ ವರ್ಕರಿನ ಕೈಗೆ ಬರುವ ಆರ್ಡರ್ ಅಷ್ಟು ಕಾದಿದೆ, ಮತ್ತು ವಯಸ್ಸಿನ ಗ್ರಾಫ್ ತೋರಿಸುವುದೂ ಅದನ್ನೇ. 30ರಿಂದ ಭಾಗಿಸಿದರೆ 6 ನಿಮಿಷ 40 ಸೆಕೆಂಡು: ಈಗಷ್ಟೇ ಬಂದ ಆರ್ಡರ್ ಕಾಯಬೇಕಾದದ್ದು ಇಷ್ಟು.

ಪರಿಸ್ಥಿತಿ ಹೀಗೇ ಮುಂದುವರಿದರೆ ಯಾರ ಮಾತು ಮುರಿಯುತ್ತದೆ ಎಂದು 12:00 ಗಂಟೆಗೇ ಲೆಕ್ಕ ಹಾಕಬಹುದು. 11:40ರ ನಂತರ ಒಂದೊಂದು ಸೆಕೆಂಡಿನಲ್ಲಿ ಬರುವ 40 ಆರ್ಡರಿನ ಕೆಲಸಕ್ಕೆ ಒಂದೂ ಮೂರನೇ ಒಂದು ಸೆಕೆಂಡು ಹಿಡಿಯುತ್ತದೆ. 12:30ರ ಹೊತ್ತಿಗೆ ವರ್ಕರುಗಳು 50 ನಿಮಿಷದ ಕೆಲಸ ಮಾಡಿರುತ್ತವೆ. ಅಷ್ಟರಲ್ಲಿ ಅವು ಮುಗಿಸಬಲ್ಲದ್ದು ಮೊದಲ 37 ನಿಮಿಷ 30 ಸೆಕೆಂಡಿನಲ್ಲಿ ಬಂದ ಆರ್ಡರುಗಳನ್ನು ಮಾತ್ರ. ಅಂದರೆ 12:17:30ರ ನಂತರ ಆರ್ಡರ್ ಮಾಡುವ ಜಾಂಬೋಟಿಯವರಿಗೆಲ್ಲ ‘ಇಂದೇ’ ಎಂದು ಹೇಳಿ ‘ನಾಳೆ’ ಕೊಡಲಿದ್ದೇವೆ. ಗಮನಿಸಬೇಕಾದದ್ದೆಂದರೆ, ಆ ಗ್ರಾಹಕರು 12:00 ಗಂಟೆಗೆ ಇನ್ನೂ ಆರ್ಡರನ್ನೇ ಮಾಡಿಲ್ಲ. ಕ್ಯೂನಲ್ಲಿ ಅವರ ಹೆಸರಿಲ್ಲ. ಇರುವ ಸಂದೇಶಗಳನ್ನು ಮಾತ್ರ ನೋಡುವ ಯಾವ ಅಲರ್ಟೂ ಅವರನ್ನು ಕಾಣಲಾರದು.

12:20ಕ್ಕೆ ಡೇಟಾಬೇಸ್ ಸರಿಹೋಗುತ್ತದೆ ಎಂದುಕೊಳ್ಳೋಣ. ಬಾಕಿ ಈಗ 24,000. ವೇಗ ಮತ್ತೆ 50. ಬರುವ 40 ಕಳೆದು ಉಳಿಯುವ ಮಿಗಿಲು ಸೆಕೆಂಡಿಗೆ ಹತ್ತೇ. ಬಾಕಿ ಪೂರ್ತಿ ಕರಗಲು 40 ನಿಮಿಷ, ಅಂದರೆ 1 ಗಂಟೆಯವರೆಗೆ. ಸರಿಹೋಯಿತು ಎಂಬ ಸುದ್ದಿ ಹಬ್ಬುತ್ತದೆ, ಗ್ರಾಫ್ ಇಳಿಮುಖವಾಗಿದೆ, ಕರೆಯಲ್ಲಿದ್ದವರು ಊಟಕ್ಕೆ ಏಳುತ್ತಾರೆ. ಗ್ರಾಹಕರಿಗೆ ಪೆಟ್ಟು ಬೀಳುವುದು ಇದರ ನಂತರ. 12:20ಕ್ಕೆ ಬಂದ ಆರ್ಡರಿನ ಮುಂದೆ 24,000 ಇವೆ. 50ರ ವೇಗದಲ್ಲಿ 8 ನಿಮಿಷ, 12:28ಕ್ಕೆ ಅದು ಪಟ್ಟಿ ಸೇರುತ್ತದೆ, ಬಚಾವ್. 12:22ಕ್ಕೆ ಬಂದದ್ದು 12:29:36ಕ್ಕೆ ಸೇರುತ್ತದೆ, ಅದೂ ಬಚಾವ್. 12:24ಕ್ಕೆ ಬಂದದ್ದು 12:31:12ಕ್ಕೆ. ಅದಕ್ಕೆ ವಾಹನ ತಪ್ಪಿತು. ಗಡಿ ಬೀಳುವುದು 12:22:30ಕ್ಕೆ. ಆ ಗಳಿಗೆಯಿಂದ 12:25ರವರೆಗಿನ ಎರಡೂವರೆ ನಿಮಿಷದಲ್ಲಿ ಆರ್ಡರ್ ಮಾಡಿದ ಜಾಂಬೋಟಿಯವರಿಗೆ ಮಾತ್ರ ಮಾತು ಮುರಿಯಿತು. ಅದಕ್ಕಿಂತ ಮೊದಲಿನವರಿಗೆ ಸರಕು ಸಿಗುತ್ತದೆ, ಆಮೇಲಿನವರಿಗೆ ‘ಇಂದೇ’ ಎಂದು ಯಾರೂ ಹೇಳಿಲ್ಲ.

ಆ ಎರಡೂವರೆ ನಿಮಿಷದಲ್ಲಿ ರಾಜ್ಯದಲ್ಲೆಲ್ಲ 6,000 ಆರ್ಡರ್ ಬಂದಿವೆ. ಈ ಮಾರ್ಗದ ಪಾಲು ಹತ್ತು ಸಾವಿರಕ್ಕೆ ಐದು ಎಂದಾದರೆ ಮೂರು ಆರ್ಡರ್. 24,000 ಬಾಕಿ, ಮೂರು ಮುರಿದ ಮಾತು. ಬೆಳಗಾವಿ ಪೇಟೆಯವರಿಗೆ ಮುಂದಿನ ವಾಹನದ ಗಡುವು ಇನ್ನೂ ದೂರವಿತ್ತು. ಅವರಿಗೆ ಏನೂ ಆಗಲಿಲ್ಲ. ಮೂರು ಎಂಬುದು ಚಿಕ್ಕ ಸಂಖ್ಯೆ ನಿಜ. ಆದರೆ ದಿನಕ್ಕೊಂದೇ ವಾಹನದ ಮಾರ್ಗಗಳು ರಾಜ್ಯದಲ್ಲಿ ಇದೊಂದೇ ಅಲ್ಲ, ಮತ್ತು ಹಾನಿ ಯಾವಾಗಲೂ ಅಂಥ ಮಾರ್ಗಗಳ ಮೇಲೇ ಸುರಿಯುತ್ತದೆ. ಸರಾಸರಿ ತೆಗೆದರೆ ಅವು ಮಾಯವಾಗುತ್ತವೆ. ಸರಾಸರಿಯ ಮೇಲೆ ಕಟ್ಟಿದ ಅಲರ್ಟ್ ದೂರದ ಊರುಗಳ ವಿರುದ್ಧ ಪಕ್ಷಪಾತಿ ಎಂದರೆ ಅತಿಶಯವಾಗದು.

ಇದೇ ಮಧ್ಯಾಹ್ನ ಬೇರೆ ಬೇರೆ ಅಲರ್ಟ್‌ಗಳು ಏನು ಮಾಡುತ್ತಿದ್ದವು? 10,000 ದಾಟಿದರೆ ಬಾರಿಸುವ ಗಂಟೆ 11:56:40ಕ್ಕೆ ಬಾರಿಸುತ್ತದೆ, 12:43:20ರವರೆಗೆ ನಿಲ್ಲುವುದಿಲ್ಲ. ಮುಕ್ಕಾಲು ತಾಸಿಗಿಂತ ಹೆಚ್ಚು ಹೊತ್ತು ಅದು ಕೂಗಿದರೂ ಜಾಂಬೋಟಿಯ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ. ಮತ್ತು ನಸುಕಿನ ಮೂರು ಗಂಟೆಗೆ ಅಷ್ಟೇ ಬಾಕಿ ಬಿದ್ದರೂ ಅಷ್ಟೇ ಜೋರಾಗಿ ಕೂಗುತ್ತದೆ. ಆಗ ಬೆಳಗಿನವರೆಗೆ ಯಾವ ವಾಹನವೂ ಹೊರಡುವುದಿಲ್ಲ. ಅತಿ ಹಳೆಯ ಸಂದೇಶದ ವಯಸ್ಸು 15 ನಿಮಿಷ ದಾಟಿದರೆ ಬಾರಿಸುವ ಗಂಟೆ ಈ ದಿನ ಬಾರಿಸುವುದೇ ಇಲ್ಲ, ಏಕೆಂದರೆ ವಯಸ್ಸು ಏರಿದ್ದು 10 ನಿಮಿಷದವರೆಗೆ ಮಾತ್ರ. ಗಡುವಿಗೆ ಕಟ್ಟಿದ ಗಂಟೆಯಾದರೋ ಹತ್ತು ನಿಮಿಷ ವೇಗವನ್ನು ಅಳೆದು 11:50ಕ್ಕೇ ಹೇಳಬಲ್ಲದು: ಹೀಗೇ ನಡೆದರೆ ಈ ಮಾರ್ಗದಲ್ಲಿ 12:17:30ರಿಂದ ಮಾತು ಮುರಿಯುತ್ತದೆ. ಕೈಯಲ್ಲಿ ಇನ್ನೂ 27 ನಿಮಿಷವಿದೆ. ದುರಸ್ತಿಯ ನಂತರವೂ ಅದು ಸುಮ್ಮನಾಗುವುದಿಲ್ಲ. ಗಡಿಯನ್ನು 12:22:30ಕ್ಕೆ ಸರಿಸಿಕೊಂಡು, ಅಪಾಯ ಇನ್ನೂ ಇದೆ ಎನ್ನುತ್ತಲೇ ಇರುತ್ತದೆ.

ಇದನ್ನು ಕಟ್ಟಲು ದೊಡ್ಡ ಯಂತ್ರೋಪಕರಣ ಬೇಕಿಲ್ಲ. ಪ್ರತಿ ಸಂದೇಶದೊಳಗೆ ಅದು ಯಾವ ಹೊತ್ತಿನೊಳಗೆ ಮುಗಿಯಬೇಕು ಎಂಬ ಒಂದು ಸಮಯ ಬರೆದಿರಬೇಕು. ಆರ್ಡರ್ ಹಿಡಿಯುವಾಗ ಪುಟ ಗ್ರಾಹಕನಿಗೆ ಏನು ಹೇಳಿತೋ ಅದರಿಂದಲೇ ಆ ಸಮಯ ಹುಟ್ಟಬೇಕು. ಬೇರೆ ಯಾವುದೋ ಕೋಷ್ಟಕದಿಂದ ಅಲ್ಲ.

```
est_wait = ahead / drain_rate
slack    = needed_by - now - est_wait
at_risk  = count(slack < 0) by route
```

`ahead` ಎಂಬುದು ಈ ಸಂದೇಶದ ಮುಂದಿರುವ ಬಾಕಿ, `drain_rate` ಕಳೆದ ಐದು-ಹತ್ತು ನಿಮಿಷದಲ್ಲಿ ನಿಜಕ್ಕೂ ಮುಗಿದ ಕೆಲಸದ ವೇಗ. ವರ್ಕರುಗಳ ಸಂಖ್ಯೆಯನ್ನು ಅವುಗಳ ಹೇಳಿಕೆಯ ವೇಗದಿಂದ ಗುಣಿಸಿ ಈ ಅಂಕಿ ಪಡೆಯಬಾರದು. ಡೇಟಾಬೇಸ್ ನಿಧಾನವಾದ ದಿನ ಆ ಗುಣಾಕಾರ ಸುಳ್ಳಾಗುತ್ತದೆ, ಅಲರ್ಟ್ ಬೇಕಾದದ್ದೂ ಅದೇ ದಿನ. ಇದರ ಜೊತೆಗೆ, ಇನ್ನೂ ಬಾರದ ಆರ್ಡರುಗಳಿಗಾಗಿ ಪ್ರತಿ ಮಾರ್ಗಕ್ಕೆ ಒಂದು ಕಲ್ಪಿತ ಆರ್ಡರನ್ನು ಇಟ್ಟುಕೊಳ್ಳಬೇಕು: ಪುಟ ಹೇಳುವ ಕೊನೆಯ ಕ್ಷಣದಲ್ಲಿ, ಅಂದರೆ 12:25ಕ್ಕೆ, ಒಬ್ಬ ಆರ್ಡರ್ ಮಾಡಿದರೆ ಅದು ಗಡುವಿನೊಳಗೆ ಮುಗಿಯುತ್ತದೆಯೇ ಎಂದು ನಿಮಿಷಕ್ಕೊಮ್ಮೆ ಕೇಳಿಕೊಳ್ಳುವುದು. ಮೇಲಿನ ಲೆಕ್ಕದಲ್ಲಿ ಮೊದಲು ಸೋಲುವುದು ಆ ಕಲ್ಪಿತ ಆರ್ಡರೇ.

ಸಂದೇಶವೇ ತನ್ನ ಗಡುವನ್ನು ಹೊತ್ತು ತಿರುಗುವುದು ಹೊಸ ಕಲ್ಪನೆಯಲ್ಲ; ಕರ್ನಾಟಕದಲ್ಲೇ ಬಳಕೆಯಲ್ಲಿರುವ ಉದಾಹರಣೆಯಿದೆ. ಕೇಂದ್ರ ಸರ್ಕಾರದ ಬೆಂಬಲದಿಂದ ಡಿಸೆಂಬರ್ 2021ರಲ್ಲಿ ಕಂಪನಿಯಾಗಿ ನೋಂದಣಿಯಾದ ಓಎನ್‌ಡಿಸಿ ಜಾಲ 2022ರಲ್ಲಿ ಪ್ರಯೋಗ ಆರಂಭಿಸಿದ ಐದು ನಗರಗಳಲ್ಲಿ ಬೆಂಗಳೂರೂ ಒಂದು. ಆ ಜಾಲ ನಿಂತಿರುವುದು ಬೆಕ್‌ನ್ ಎಂಬ ಮುಕ್ತ ಪ್ರೋಟೊಕಾಲಿನ ಮೇಲೆ. ಕೊಳ್ಳುವವರ ಆ್ಯಪ್ ಒಂದು ಕಂಪನಿಯದು, ಮಾರುವವರ ವ್ಯವಸ್ಥೆ ಇನ್ನೊಂದರದು. ನಡುವೆ ಸಂದೇಶಗಳು ಓಡಾಡುತ್ತವೆ. ಆರ್ಡರ್ ಖಚಿತಪಡಿಸಲು ಕೊಳ್ಳುವವರ ಕಡೆಯಿಂದ `confirm` ಹೋದರೆ ಮಾರುವವರ ಕಡೆಯಿಂದ ತಕ್ಷಣ ಬರುವುದು `ACK` ಎಂಬ ಸ್ವೀಕೃತಿ ಮಾತ್ರ. ನಿಜವಾದ ಉತ್ತರ ಆಮೇಲೆ, `on_confirm` ಎಂಬ ಬೇರೆ ಸಂದೇಶವಾಗಿ ಬರುತ್ತದೆ. ಪ್ರತಿ ಸಂದೇಶದ `context` ಭಾಗದಲ್ಲಿ `timestamp` ಇರುತ್ತದೆ, `ttl` ಎಂಬ ಅವಧಿಯೂ ಇರುತ್ತದೆ. `PT30S` ಎಂದಿದ್ದರೆ ಆ ಸಂದೇಶದ ಬಾಳಿಕೆ 30 ಸೆಕೆಂಡು.

ಇಲ್ಲಿ ಬಾಕಿಯ ಪರಿಣಾಮ ಇನ್ನೊಂದು ಬಗೆಯದು. ಮಾರುವವರ ಕ್ಯೂನಲ್ಲಿ ಬಾಕಿ ಬಿದ್ದಾಗಲೂ ಸ್ವೀಕೃತಿ ಸರಾಗವಾಗಿ ಹೋಗುತ್ತಿರುತ್ತದೆ, ಏಕೆಂದರೆ ಸ್ವೀಕೃತಿ ಕಳಿಸಲು ಸಂದೇಶವನ್ನು ಕ್ಯೂಗೆ ಹಾಕಿದರೆ ಸಾಕು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಹಸಿರು. ಒಳಗೆ ಅವಧಿ ಮೀರಿದ `confirm`ಗಳು ಸಾಲಾಗಿ ಕೂತಿವೆ. ವರ್ಕರುಗಳು ಅವನ್ನು ಸರದಿಯಂತೆ ಎತ್ತಿ ಪ್ರಾಮಾಣಿಕವಾಗಿ ಕೆಲಸ ಮಾಡಿದರೆ ಎರಡು ಕೇಡು: ಕೊಳ್ಳುವವರ ಆ್ಯಪ್ ಕಾದು ಸಾಕಾಗಿ ಬಿಟ್ಟ ಆರ್ಡರಿಗೆ ಅಂಗಡಿಯವನು ಸರಕು ಕಟ್ಟಿಡುತ್ತಾನೆ, ಮತ್ತು ಆ ವ್ಯರ್ಥ ಕೆಲಸದ ಹಿಂದೆ ನಿಂತ ಇನ್ನೂ ಜೀವಂತ ಆರ್ಡರುಗಳೂ ಅವಧಿ ಮೀರುತ್ತವೆ. ಸಂದೇಶ ಎತ್ತಿದ ಕೂಡಲೇ ವರ್ಕರ್ ಮೊದಲು `ttl` ನೋಡಿ, ಮೀರಿದ್ದರೆ ಸರಕಿನ ಕೆಲಸಕ್ಕೆ ಹೋಗದೆ ‘ಆಗಲಿಲ್ಲ’ ಎಂಬ ಉತ್ತರ ಕಳಿಸುವುದು ಮೇಲು. ಹಾಗೆ ಕಳಿಸಿದವುಗಳ ಎಣಿಕೆಯೇ ಒಂದು ಒಳ್ಳೆಯ ಅಲರ್ಟ್ ಆಗುತ್ತದೆ. ಅದರ ಪ್ರತಿ ಅಂಕಿಯ ಹಿಂದೆ ಒಬ್ಬ ನಿಜವಾದ ಗ್ರಾಹಕನಿದ್ದಾನೆ.

ಗ್ರಾಹಕನ ಕಣ್ಣಿಗೆ ‘ಆರ್ಡರ್ ಸಿಕ್ಕಿತು’ ಮತ್ತು ‘ಸರಕು ನಿಮ್ಮದಾಯಿತು’ ಎಂಬ ಎರಡು ಮಾತಿನ ನಡುವಿನ ಅಂತರ ಎಷ್ಟು ದುಬಾರಿ ಎಂಬುದಕ್ಕೆ ಬೆಂಗಳೂರಿನದೇ ಹಳೆಯ ಪ್ರಸಂಗವಿದೆ. 6 ಅಕ್ಟೋಬರ್ 2014ರಂದು ಫ್ಲಿಪ್‌ಕಾರ್ಟ್ ನಡೆಸಿದ ಬಿಗ್ ಬಿಲಿಯನ್ ಡೇ ಮಾರಾಟದ ನಂತರ ಸಂಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆ ಕ್ಷಮೆ ಕೇಳಿ ಪತ್ರ ಬರೆದರು. ಕೆಲವು ಸರಕುಗಳಿಗೆ ಇದ್ದದ್ದಕ್ಕಿಂತ ಹೆಚ್ಚು ಆರ್ಡರ್ ಹಿಡಿದು, ಕೆಲವನ್ನು ರದ್ದು ಮಾಡಬೇಕಾಗಿ ಬಂದದ್ದೂ ಅದರಲ್ಲಿತ್ತು. ಕಾರಣ ಕ್ಯೂ ಬಾಕಿಯೇ ಎಂದು ಆ ಪತ್ರ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಆರ್ಡರ್ ಹಿಡಿಯುವ ಬಾಗಿಲು ಮತ್ತು ಸರಕು ಹಂಚುವ ಬಾಗಿಲು ಬೇರೆ ಬೇರೆಯಾದ ಮೇಲೆ, ಎರಡರ ನಡುವಿನ ತಡ ಗ್ರಾಹಕನಿಗೆ ಯಾವ ರೂಪದಲ್ಲಿ ಮುಟ್ಟುತ್ತದೆ ಎಂಬುದಕ್ಕಷ್ಟೇ ಅದು ಸಾಕ್ಷಿ.

ಇನ್ನು ಅಳತೆಗೋಲೇ ಸುಳ್ಳು ಹೇಳುವ ಜಾಗಗಳು. ಇವನ್ನು ತಿಳಿಯದೆ ಮೇಲಿನ ಸೂತ್ರ ಹಚ್ಚಿದರೆ ನಿಶ್ಚಿಂತೆಯಿಂದ ಮೋಸಹೋಗಬಹುದು.

ಎಸ್‌ಕ್ಯೂಎಸ್‌ನ ಸಾಮಾನ್ಯ ಕ್ಯೂನಲ್ಲಿ ಒಂದು ಸಂದೇಶವನ್ನು ವರ್ಕರುಗಳು ಮೂರು ಬಾರಿ ಅಥವಾ ಹೆಚ್ಚು ಸಲ ಎತ್ತಿಯೂ ಮುಗಿಸದಿದ್ದರೆ, ಅದನ್ನು ಸಾಲಿನ ಹಿಂದಕ್ಕೆ ಸರಿಸಲಾಗುತ್ತದೆ. ಆಗ ಅತಿ ಹಳೆಯ ಸಂದೇಶದ ವಯಸ್ಸು ಎಂಬ ಅಂಕಿ ಅದನ್ನು ಬಿಟ್ಟು, ಹಾಗೆ ಮತ್ತೆ ಮತ್ತೆ ಎತ್ತದ ಮುಂದಿನ ಹಳೆಯ ಸಂದೇಶವನ್ನು ತೋರಿಸುತ್ತದೆ. ಮನೆಯ ಹೆಸರು ಮತ್ತು ಗಲ್ಲಿಯ ಬದಲು ‘ಗುಡಿಯ ಹಿಂದೆ’ ಎಂದಷ್ಟೇ ಬರೆದ ವಿಳಾಸವನ್ನು ವಿಂಗಡಿಸುವ ಪ್ರೋಗ್ರಾಮ್ ಪ್ರತಿ ಸಲವೂ ಮುಗ್ಗರಿಸಿತು ಎನ್ನಿ. ಹಳ್ಳಿಯ ವಿಳಾಸಗಳಲ್ಲಿ ಇದು ಅಪರೂಪವಲ್ಲ. ಆ ಆರ್ಡರ್ ದಿನವಿಡೀ ಸುತ್ತುತ್ತಿದ್ದರೂ ವಯಸ್ಸಿನ ಗ್ರಾಫ್ ಶಾಂತವಾಗಿರುತ್ತದೆ. ಕೊನೆಗೆ ಅದು ಡೆಡ್ ಲೆಟರ್ ಕ್ಯೂಗೆ ಬಿದ್ದರೆ ಮುಖ್ಯ ಕ್ಯೂನ ಬಾಕಿ ಒಂದು ಕಡಿಮೆಯೂ ಆಗುತ್ತದೆ! ಹಾಗಾಗಿ ಆ ಕ್ಯೂನಲ್ಲಿರುವ ಆರ್ಡರುಗಳ ಗಡುವನ್ನೂ ಅಪಾಯದ ಎಣಿಕೆಯಲ್ಲಿ ಸೇರಿಸಲೇಬೇಕು.

ಕಾಫ್ಕಾದಲ್ಲಿ ಮೋಸ ಬೇರೆ ಕಡೆ ಇದೆ. ಒಂದು ಟಾಪಿಕ್ಕನ್ನು ಹಲವು ಪಾರ್ಟಿಷನ್ನುಗಳಾಗಿ ಹಂಚಿರುತ್ತಾರೆ. ಒಂದೊಂದು ಪಾರ್ಟಿಷನ್ನಿಗೂ ತನ್ನದೇ ಸಾಲು. ಹನ್ನೆರಡರಲ್ಲಿ ಹನ್ನೊಂದು ಸರಾಗವಾಗಿ ಹರಿದು ಒಂದು ಕಟ್ಟಿಕೊಂಡರೆ, ಒಟ್ಟು ಬಾಕಿಯಲ್ಲಿ ಅದು ಸಣ್ಣ ಉಬ್ಬು. ಗ್ರಾಹಕನ ಪ್ರದೇಶವನ್ನೇ ಕೀಲಿಯಾಗಿಟ್ಟು ಹಂಚಿದ್ದರೆ ಬೆಳಗಾವಿ ಭಾಗದ ಅಷ್ಟೂ ಆರ್ಡರುಗಳು ಆ ಒಂದರಲ್ಲೇ ಸಿಕ್ಕಿಬಿದ್ದಿರುತ್ತವೆ. `ahead` ಮತ್ತು `drain_rate` ಎರಡನ್ನೂ ಪಾರ್ಟಿಷನ್ನಿನ ಮಟ್ಟದಲ್ಲೇ ಅಳೆಯಬೇಕು, ಕೂಡಿಸಿ ಅಲ್ಲ. ಮತ್ತೊಂದು: ಸೋತ ಸಂದೇಶವನ್ನು ಮರುಪ್ರಯತ್ನದ ಟಾಪಿಕ್ಕಿಗೆ ಹೊಸದಾಗಿ ಬರೆದಾಗ ಅದಕ್ಕೆ ಹೊಸ ಸಮಯದ ಮುದ್ರೆ ಬೀಳುವುದುಂಟು. ಅರ್ಧ ತಾಸು ಕಾದ ಆರ್ಡರ್ ಆಗ ಹಸುಗೂಸಾಗಿ ಕಾಣುತ್ತದೆ. ಗಡುವು ಸಂದೇಶದ ಒಡಲಲ್ಲೇ ಇದ್ದರೆ ಈ ತೊಂದರೆಯಿಲ್ಲ. ವಯಸ್ಸಿಗಿಂತ ಗಡುವನ್ನು ನಾನು ಮೆಚ್ಚಲು ಇದೂ ಒಂದು ಕಾರಣ.

ಎಲ್ಲಕ್ಕಿಂತ ಕಪಟಿಯೆಂದರೆ ಖಾಲಿ ಕ್ಯೂ. ಆರ್ಡರ್ ಹಿಡಿಯುವ ಭಾಗ ಕ್ಯೂಗೆ ಬರೆಯುವುದನ್ನೇ ನಿಲ್ಲಿಸಿದ್ದರೆ ಬಾಕಿ ಸೊನ್ನೆ, ವಯಸ್ಸು ಸೊನ್ನೆ. ಹಣ ಕಟ್ಟಿದವರ ಸಂಖ್ಯೆಯನ್ನೂ ಗೋದಾಮಿನ ಪಟ್ಟಿ ಸೇರಿದವರ ಸಂಖ್ಯೆಯನ್ನೂ ಕೆಲವು ನಿಮಿಷಕ್ಕೊಮ್ಮೆ ತಾಳೆ ನೋಡುವುದೊಂದೇ ಇದಕ್ಕೆ ಮದ್ದು. ಈ ತಾಳೆ ಕ್ಯೂ ತಂತ್ರಾಂಶದ ಅಂಕಿಗಳಿಂದ ಬರಬಾರದು; ಹಣ ಪಾವತಿಯ ದಾಖಲೆ ಮತ್ತು ಗೋದಾಮಿನ ದಾಖಲೆ ಎರಡರಿಂದಲೇ ಬರಬೇಕು.

ಗಂಟೆ ಬಾರಿಸಿದ ಮೇಲೆ ಮಾಡುವುದೇನು? ವರ್ಕರುಗಳನ್ನು ಹೆಚ್ಚಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ನಮ್ಮ ಲೆಕ್ಕದ ದಿನ ಅದು ತಪ್ಪು ಉತ್ತರ: ನಿಧಾನವಾಗಿದ್ದದ್ದು ಡೇಟಾಬೇಸ್, ಅದರ ಮೇಲೆ ಇನ್ನಷ್ಟು ವರ್ಕರುಗಳನ್ನು ನುಗ್ಗಿಸಿದರೆ 30ರ ವೇಗ 25ಕ್ಕೆ ಇಳಿದೀತು. ವೇಗದ ಜೊತೆಗೆ ಒಂದೊಂದು ಸಂದೇಶಕ್ಕೆ ವರ್ಕರ್ ಹಿಡಿಯುವ ಸಮಯವನ್ನೂ ನೋಡಿದರೆ ಇದು ತಿಳಿಯುತ್ತದೆ. ಆ ಸಮಯ ಎಂದಿನಂತಿದ್ದು ಬರುವ ವೇಗ ಏರಿದ್ದರೆ ವರ್ಕರ್ ಹೆಚ್ಚಿಸಬಹುದು. ಆ ಸಮಯವೇ ಉದ್ದವಾಗಿದ್ದರೆ ಹೆಚ್ಚಿಸಬಾರದು.

ಗಡುವಿಗೆ ಕಟ್ಟಿದ ಅಲರ್ಟ್ ಇನ್ನೆರಡು ದಾರಿ ತೆರೆಯುತ್ತದೆ. ಒಂದು, ಮಾತನ್ನೇ ತಿದ್ದುವುದು. 12:20ಕ್ಕೆ ಜಾಂಬೋಟಿ ಮಾರ್ಗದ ಪುಟದಲ್ಲಿ ‘ಇಂದೇ’ ಎಂಬುದನ್ನು ‘ನಾಳೆ’ ಎಂದು ಬದಲಿಸಿದರೆ ಆ ಮೂವರಿಗೆ ಯಾವ ಮಾತೂ ಮುರಿಯುವುದಿಲ್ಲ. ಬೆಲೆಯೂ ಇದೆ: 12:20ರಿಂದ 12:22:30ರ ನಡುವೆ ಬಂದವರಿಗೆ ಇಂದೇ ಕೊಡಬಹುದಾಗಿದ್ದರೂ ನಾಳೆ ಎಂದಂತಾಯಿತು, ಅವರಲ್ಲಿ ಒಬ್ಬಿಬ್ಬರು ಖಾನಾಪುರ ಪೇಟೆಗೇ ಹೋಗಿ ಕೊಂಡಾರು. ಮುರಿದ ಮಾತಿಗಿಂತ ಕಳೆದ ಮಾರಾಟ ಅಗ್ಗ ಎಂದು ನನ್ನ ಎಣಿಕೆ. ವ್ಯಾಪಾರಿ ಬೇರೆ ರೀತಿ ತೂಗಬಹುದು. ಎರಡು, ದಿನಕ್ಕೊಂದೇ ವಾಹನದ ಮಾರ್ಗಗಳ ಆರ್ಡರಿಗೆ ಮೊದಲಿನಿಂದಲೇ ಬೇರೆ ಕ್ಯೂ, ಬೇರೆ ವರ್ಕರ್. ಕಾಫ್ಕಾದ ಒಂದು ಪಾರ್ಟಿಷನ್ನಿನೊಳಗೆ ಸರದಿ ಬದಲಿಸಲು ಬರುವುದಿಲ್ಲ, ಹಾಗಾಗಿ ಬೇರೆ ಟಾಪಿಕ್ಕೇ ಬೇಕು. ರ‍್ಯಾಬಿಟ್‌ಎಂಕ್ಯೂನಲ್ಲಾದರೆ `x-max-priority` ಇಟ್ಟು ಒಂದೇ ಕ್ಯೂನಲ್ಲಿ ಆದ್ಯತೆ ಕೊಡಬಹುದು. ಅಂಥ ಆರ್ಡರುಗಳ ಪಾಲು ಒಟ್ಟಿನಲ್ಲಿ ಚಿಕ್ಕದಿರುವುದರಿಂದ ಪೇಟೆಯವರ ಕಾಯುವಿಕೆ ಕಣ್ಣಿಗೆ ಕಾಣುವಷ್ಟು ಬೆಳೆಯುವುದಿಲ್ಲ.

ಯಾರನ್ನು ಯಾವಾಗ ಎಬ್ಬಿಸಬೇಕು ಎಂಬುದಕ್ಕೂ ಇದೇ ಅಳತೆ ಸಾಕು. ಗಡುವಿಗೆ ಮೊದಲು ಮಾತು ಮುರಿಯುವ ಅಂದಾಜಿದ್ದು, ಮಾಡುವುದಕ್ಕೆ ಏನಾದರೂ ಉಳಿದಿದ್ದರೆ ಫೋನು ಬಡಿಯಲಿ. ಗಡುವು ಈಗಾಗಲೇ ಮೀರಿದ್ದರೆ ಎಂಜಿನಿಯರನ್ನು ಎಬ್ಬಿಸಿ ಪ್ರಯೋಜನವಿಲ್ಲ. ಅಂಥ ಆರ್ಡರುಗಳ ಪಟ್ಟಿ ಗ್ರಾಹಕ ಸೇವೆಯವರಿಗೆ ಹೋಗಿ, ಗ್ರಾಹಕ ಕೇಳುವ ಮೊದಲೇ ಅವನಿಗೆ ತಿಳಿಸಬೇಕು. ಬಾಕಿ ದೊಡ್ಡದಿದ್ದು ಯಾವ ಗಡುವಿಗೂ ಧಕ್ಕೆಯಿಲ್ಲದಿದ್ದರೆ ಬೆಳಿಗ್ಗೆ ನೋಡುವ ಕಡತಕ್ಕೆ ಒಂದು ಸಾಲು ಸಾಕು. ಒಂದು ಅಪವಾದ ಮಾತ್ರ ಗಂಭೀರವಾದದ್ದು. ಹಣ ಕಟ್ಟಿ ಕೆಲ ನಿಮಿಷ ಕಳೆದರೂ ಖಚಿತತೆಯ ಎಸ್‌ಎಂಎಸ್ ಬಾರದಿದ್ದರೆ ಜನ ಮತ್ತೊಮ್ಮೆ ಆರ್ಡರ್ ಮಾಡುತ್ತಾರೆ, ಬಾಕಿಗೆ ಇನ್ನೊಂದು ಸಂದೇಶ ಸೇರುತ್ತದೆ. ವಾಹನದ ಗಡುವು ಎಷ್ಟೇ ದೂರವಿದ್ದರೂ ಈ ಖಚಿತತೆಗೆ ತನ್ನದೇ ಆದ, ನಿಮಿಷಗಳಲ್ಲಿ ಎಣಿಸುವ ಗಡುವು ಬೇಕು.

ಈ ವಿಧಾನದ ಮಿತಿ ಎಲ್ಲಿದೆ ಎಂಬುದನ್ನು ಜಾಂಬೋಟಿಯೇ ತೋರಿಸುತ್ತದೆ. ಮಳೆಗಾಲದಲ್ಲಿ ಚೋರ್ಲಾ ದಾರಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುವುದು ಹೊಸತೇನಲ್ಲ, ಗುಡ್ಡ ಕುಸಿತ ಮರ ಬೀಳುವಿಕೆಯೂ ಇದ್ದದ್ದೇ. ಅಂದು 2 ಗಂಟೆಯ ವಾಹನವೇ ಹೊರಡದಿದ್ದರೆ 12:30ರ ಗಡುವಿಗೆ ಅರ್ಥವಿಲ್ಲ. ಕ್ಯೂ ಎಷ್ಟೇ ಚುರುಕಾಗಿದ್ದರೂ ಸರಕು ತಲುಪುವುದಿಲ್ಲ, ಆದರೂ ಅಲರ್ಟ್ ‘ಅಪಾಯದಲ್ಲಿರುವ ಆರ್ಡರ್: ಸೊನ್ನೆ’ ಎನ್ನುತ್ತದೆ. ವಾಹನ ಬೇಗ ಹೊರಟ ದಿನವೂ ಇದೇ ಪಾಡು. ಆದ್ದರಿಂದ ಮಾರ್ಗವಾರು ಗಡುವಿನ ಪಟ್ಟಿಯನ್ನು ಬೆಳಗಾವಿ ಗೋದಾಮಿನಲ್ಲಿ ವಾಹನ ಬಿಡುವ ಮೇಲ್ವಿಚಾರಕರೇ ತಮ್ಮ ಮೊಬೈಲಿನಿಂದ ತಿದ್ದುವ ಹಾಗಿರಬೇಕು, ಮತ್ತು ಅವರು ತಿದ್ದಿದ್ದು ಅಂಗಡಿಯ ಪುಟಕ್ಕೂ ಸಂದೇಶಗಳ `needed_by`ಗೂ ಒಂದೇ ಕಡೆಯಿಂದ ಹೋಗಬೇಕು. ತಿದ್ದುವ ಹೊತ್ತಿಗಾಗಲೇ ಕ್ಯೂ ಸೇರಿದ್ದ ಸಂದೇಶಗಳಲ್ಲಿ ಹಳೆಯ ಸಮಯವೇ ಇರುತ್ತದೆ. ಅದಕ್ಕಾಗಿ ವರ್ಕರ್ ಸಂದೇಶ ಎತ್ತಿದಾಗ ಒಡಲಲ್ಲಿರುವ ಗಡುವು ಮತ್ತು ಪಟ್ಟಿಯ ಈಗಿನ ಗಡುವು ಎರಡನ್ನೂ ಓದಿ, ಮೊದಲು ಬರುವುದನ್ನು ಹಿಡಿಯುವ ಹಾಗೆ ಬರೆಯಬೇಕಾಗುತ್ತದೆ.